ತೊಳೆಯಬೇಕಿಲ್ಲ ಎಂದು ಬಾಟಲಿ ಹೇಳಿದರೂ

ಹಾಸನದ ಛತ್ರಗಳಲ್ಲಿ ಆರತಕ್ಷತೆ ಮುಗಿದು ಮದುಮಗಳು ಕೋಣೆ ಸೇರುವಷ್ಟರಲ್ಲಿ ರಾತ್ರಿ 11 ದಾಟಿರುತ್ತದೆ. ಮುಹೂರ್ತದ ಅಲಂಕಾರಕ್ಕೆ ಬೆಳಗಿನ ಜಾವ 4.30ಕ್ಕೇ ಏಳಬೇಕು. ನಿದ್ದೆಗಣ್ಣಿನಲ್ಲಿ, ಮೇಕಪ್ ತೆಗೆಯುವ ಮೈಸೆಲ್ಲಾರ್ ವಾಟರ್ ಹಾಕಿದ ಹತ್ತಿ ಪ್ಯಾಡಿನಿಂದ ಮುಖ ಒರೆಸಿಕೊಂಡು ಮಲಗಿಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ಹಚ್ಚಿದ ಫೌಂಡೇಶನ್ ಮೂಗಿನ ಪಕ್ಕದಲ್ಲಿ ರಬ್ಬರ್ ಉಜ್ಜಿದ ಪುಡಿಯ ಹಾಗೆ ಉದುರುತ್ತದೆ, ಕೆನ್ನೆ ಚುರುಗುಟ್ಟುತ್ತದೆ. ಬೈಗುಳ ಫೌಂಡೇಶನ್‌ಗೆ ಬೀಳುತ್ತದೆ. ಆದರೆ ಎಷ್ಟೋ ಸಲ ಅದಕ್ಕೆ ಕಾರಣ ರಾತ್ರಿ ಮುಖದ ಮೇಲೆ ಉಳಿದುಹೋದದ್ದು.

ಮೈಸೆಲ್ಲಾರ್ ವಾಟರ್ ನೋಡಲು ನೀರೇ. ಅದರಲ್ಲಿ ಕರಗಿರುವುದು ಸರ್ಫ್ಯಾಕ್ಟೆಂಟ್ ಎಂಬ ಅಣುಗಳು. ಒಂದೊಂದು ಅಣುವಿಗೂ ನೀರನ್ನು ಬಯಸುವ ತಲೆ, ಎಣ್ಣೆಯನ್ನು ಬಯಸುವ ಬಾಲ. ನೀರಿನಲ್ಲಿ ಅವುಗಳ ಪ್ರಮಾಣ ಒಂದು ಮಟ್ಟ ದಾಟಿದಾಗ ಬಾಲಗಳನ್ನು ಒಳಗಿಟ್ಟು, ತಲೆಗಳನ್ನು ಹೊರಗಿಟ್ಟು ಗುಂಪುಗೂಡುತ್ತವೆ. ಆ ಗುಂಪೇ ಮೈಸೆಲ್. ಬೆಳಕನ್ನು ಚದುರಿಸಲಾರದಷ್ಟು ಚಿಕ್ಕದಾದ್ದರಿಂದ ನೀರು ತಿಳಿಯಾಗಿಯೇ ಕಾಣುತ್ತದೆ. ಮುಖದ ಜಿಡ್ಡು ಎದುರಾದೊಡನೆ ಬಾಲಗಳು ಅದನ್ನು ಹಿಡಿಯುತ್ತವೆ. ಹಿಡಿದದ್ದನ್ನು ಮುಖದಿಂದ ಆಚೆ ಸಾಗಿಸುವುದು ಮಾತ್ರ ಹತ್ತಿ. ಅರೆಒದ್ದೆ ಪ್ಯಾಡ್ ಕೊಳೆಯನ್ನು ಎತ್ತುವುದಿಲ್ಲ, ಸವರುತ್ತದೆ. ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ನೆನೆದಿರಬೇಕು.

ಇದರಲ್ಲಿ ಬಳಸುವ ಪಾಲಾಕ್ಸಮರ್ 184, ಪೆಗ್-6 ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಗ್ಲಿಸರೈಡ್ಸ್‌ನಂಥ ಸರ್ಫ್ಯಾಕ್ಟೆಂಟ್‌ಗಳು ಸೋಪಿಗಿಂತ ಸೌಮ್ಯ. ಬಾಟಲಿಯ ಮೇಲೆ ‘ತೊಳೆಯಬೇಕಿಲ್ಲ’ ಎಂದು ಬರೆಯುವ ಧೈರ್ಯ ಬರುವುದು ಅಲ್ಲಿಂದಲೇ. ಆದರೆ ನೀರು ಆರಿಹೋಗುತ್ತದೆ, ಸರ್ಫ್ಯಾಕ್ಟೆಂಟ್ ಆರುವುದಿಲ್ಲ. ತೆಳುವಾಗಿ ಚರ್ಮದ ಮೇಲೆಯೇ ಉಳಿಯುತ್ತದೆ. ಬಹಳ ಮಂದಿಗೆ ಅದರಿಂದ ಏನೂ ಆಗದು. ಇಸುಬು ಇರುವವರಿಗೆ, ಎರಡು ದಿನದ ಹಿಂದಷ್ಟೇ ಬ್ಲೀಚ್ ಮಾಡಿಸಿಕೊಂಡ ಮದುಮಗಳಿಗೆ ಅಷ್ಟೇ ಉರಿಗೆ ಸಾಕು. ನಲ್ಲಿ ಹತ್ತಿರವಿದ್ದರೆ ಎರಡು ಬೊಗಸೆ ನೀರು ಹಾಕಿಕೊಳ್ಳುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಮನೆಯಲ್ಲೇ ಇದ್ದ ದಿನದ ಬೆವರು, ಧೂಳು, ತೆಳು ಪೌಡರ್, ಸಾಮಾನ್ಯ ಲಿಪ್‌ಸ್ಟಿಕ್ ಇಷ್ಟಕ್ಕೆ ಮೈಸೆಲ್ಲಾರ್ ವಾಟರ್ ಒರೆಸಿ ನೀರು ಹಾಕಿಕೊಂಡರೆ ಮುಗಿಯಿತು. ಆರತಕ್ಷತೆಯ ಮೇಕಪ್ ಬೇರೆಯೇ ಜಾತಿ. ಬಹುಹೊತ್ತು ನಿಲ್ಲುವ ಫೌಂಡೇಶನ್, ವಾಟರ್‌ಪ್ರೂಫ್ ಮಸ್ಕಾರಾ, ನೀರಿಗೆ ಜಗ್ಗದ ಸನ್‌ಸ್ಕ್ರೀನ್ ಇವೆಲ್ಲ ಮೇಣ, ಸಿಲಿಕೋನ್, ಪಾಲಿಮರ್‌ಗಳಿಂದ ಚರ್ಮದ ಮೇಲೆ ಪೊರೆ ಕಟ್ಟುತ್ತವೆ. ಮೈಸೆಲ್‌ಗಳಿಗೆ ಹೊರುವ ಶಕ್ತಿಗೊಂದು ಮಿತಿ ಇದೆ. ಇಲ್ಲಿ ಎರಡನೇ ತೊಳೆತ ಬೇಕೇ ಬೇಕು.

ಆ ರಾತ್ರಿ ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ತೆಗೆಯಿರಿ. ಕಣ್ಣಿಗೆ ಎರಡು ಪದರದ, ಅಂದರೆ ಮೇಲೆ ಎಣ್ಣೆ ಕೆಳಗೆ ನೀರು ನಿಂತಿರುವ ಬಾಟಲಿ ಒಳ್ಳೆಯದು. ಅದನ್ನು ಕುಲುಕಿ ಆಗಲೇ ಸುರಿಯಬೇಕು, ಇಲ್ಲದಿದ್ದರೆ ಪ್ಯಾಡಿಗೆ ಒಂದೇ ಪದರ ಬರುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ 20 ಸೆಕೆಂಡ್ ಒತ್ತದೆ ಇಟ್ಟು ಕೆಳಮುಖವಾಗಿ ಎಳೆಯಿರಿ. ಕಾಡಿಗೆ ಉಳಿದಿದ್ದರೆ ಇನ್ನೊಂದು ಪ್ಯಾಡ್ ತೆಗೆದುಕೊಳ್ಳಿ, ಉಜ್ಜಬೇಡಿ. ಆಮೇಲೆ ಸಾಮಾನ್ಯ ಮೈಸೆಲ್ಲಾರ್ ವಾಟರ್‌ನಲ್ಲಿ ಹಣೆಗೊಂದು, ಕೆನ್ನೆಗೊಂದೊಂದು, ಗದ್ದ-ಕತ್ತಿಗೊಂದು ಪ್ಯಾಡ್. ಎರಡನೇ ಸುತ್ತಿನಲ್ಲೂ ಪ್ಯಾಡಿಗೆ ಬಣ್ಣ ಹತ್ತುತ್ತಿದ್ದರೆ ಮೈಸೆಲ್ಲಾರ್ ವಾಟರ್ ಕೈಲಾಗುವಷ್ಟು ಆಯಿತು, ಉಳಿದದ್ದು ಫೇಸ್‌ವಾಶ್ ಪಾಲು ಎಂದೇ ಅರ್ಥ. ಐದನೇ ಸುತ್ತಿಗೆ ಹೋದರೆ ಕಿತ್ತುಬರುವುದು ಚರ್ಮ.

ಈಗ ಸೌಮ್ಯ ಫೇಸ್‌ವಾಶ್, ಹುಣಸೆ ಬೀಜದಷ್ಟು. ಒದ್ದೆ ಮುಖಕ್ಕೆ ಬೆರಳತುದಿಯಿಂದ ಅರ್ಧ ನಿಮಿಷ, ಮೂಗಿನ ಸಂದು, ಕೂದಲಂಚು, ದವಡೆಯ ಕೆಳಗೆ ಮರೆಯದೆ ಹಚ್ಚಿ ತೊಳೆಯಿರಿ. ಹಂಡೆಯ ನೀರನ್ನು ಹಾಗೇ ಎರಚಿಕೊಳ್ಳಬೇಡಿ, ಮಣಿಕಟ್ಟಿನ ಒಳಬದಿಗೆ ಬಿಸಿ ಅನ್ನಿಸಬಾರದು. ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಾದರೆ ಮೈಸೋಪಂತೂ ಬೇಡ. ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ಬಿಳಿ ಕೆನೆಗಟ್ಟಿ ಮುಖಕ್ಕೆ ಅಂಟುತ್ತದೆ.

ಬೆಳ್ಳಗಿನ ಪ್ಯಾಡ್ ನೋಡಿ ಮುಖ ಸ್ವಚ್ಛವಾಯಿತು ಎಂದು ತೀರ್ಮಾನಿಸಬೇಡಿ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಪ್ಯಾಡಿನಲ್ಲಿ ಕಾಣುವುದೇ ಇಲ್ಲ. ತೊಳೆದ ಮೇಲೂ ನೀರು ಕೆಸುವಿನೆಲೆಯ ಮೇಲಿನ ಹಾಗೆ ಮುಖದಲ್ಲಿ ಹನಿಹನಿಯಾಗಿ ಜಾರಿದರೆ ಪೊರೆ ಇನ್ನೂ ಉಳಿದಿದೆ ಎಂಬ ಸುಳಿವು. ಅಂಥ ಕಡೆ ಮಾತ್ರ ಇನ್ನೊಮ್ಮೆ ಫೇಸ್‌ವಾಶ್ ಹಾಕಿ. ಟವೆಲ್ಲಿನಿಂದ ಒತ್ತಿಕೊಂಡು, ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ ಮಲಗಿ.

ಛತ್ರದ ಟ್ಯಾಂಕ್ ಖಾಲಿಯಾಗಿದ್ದರೆ? ಆ ಹೊತ್ತಿಗೆ ಅದೇನೂ ಅಪರೂಪವಲ್ಲ. ಕುಡಿಯುವ ನೀರಿನಲ್ಲಿ ಶುಭ್ರ ಹತ್ತಿ ಕರ್ಚೀಫು ಅದ್ದಿ, ಮಗುಚುತ್ತಾ ಎರಡು ಮೂರು ಸಲ ಮುಖ ಒರೆಸಿ. ಪೂರ್ತಿ ಮೇಕಪ್ ಹೋಗದು, ಆದರೆ ಸರ್ಫ್ಯಾಕ್ಟೆಂಟ್ ಬಹುಪಾಲು ಬರುತ್ತದೆ. ಫೇಸ್‌ವಾಶ್ ಬೆಳಿಗ್ಗೆ ಎದ್ದ ಕೂಡಲೇ, ಮೇಕಪ್ಪಿಗೆ ಕೂರುವ ಮೊದಲು.