ಮಗಳ ಹೆಸರಲ್ಲಿ ಸುಕನ್ಯಾನಾ, ಎಸ್‌ಐಪಿನಾ?

ಪ್ರಶ್ನೆ: ಮಗಳಿಗೆ ಈಗ 3 ವರ್ಷ. ತಿಂಗಳಿಗೆ 5,000 ರೂಪಾಯಿ ಎತ್ತಿಡಬಲ್ಲೆ. ಅಪ್ಪ ಪೋಸ್ಟ್ ಆಫೀಸಿನ ಸುಕನ್ಯಾ ಸಮೃದ್ಧಿ ಅಂತಾರೆ, ಆಫೀಸಿನಲ್ಲಿ ಎಲ್ಲರೂ ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ಅಂತಾರೆ. ಯಾವುದು ಮಾಡಲಿ?

ಉತ್ತರ: ಬಡ್ಡಿ ಎಷ್ಟು ಅಂತ ನೋಡುವ ಮೊದಲು ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತ ನೋಡಿ. ಸುಕನ್ಯಾ ಖಾತೆ ಮುಗಿಯುವುದು ಮಗಳಿಗೆ 21 ತುಂಬಿದಾಗ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಖಾತೆ ತೆರೆದ ದಿನದಿಂದ 21 ವರ್ಷ. ಅಂದರೆ ನಿಮ್ಮ ಮಗಳಿಗೆ ಆಗ 24. ಕಾಲೇಜಿನ ಫೀಸು ಕಟ್ಟಬೇಕಾದದ್ದು 18ಕ್ಕೆ, ಅಲ್ವಾ?

ಲೆಕ್ಕ ಹಾಕೋಣ. ಕಟ್ಟುವುದು 15 ವರ್ಷ ಮಾತ್ರ. ಬಡ್ಡಿ ಶೇ. 8.2 ಹಾಗೇ ಉಳಿದರೆ ಮಗಳ 18ಕ್ಕೆ ಖಾತೆಯಲ್ಲಿ ಸುಮಾರು 17 ಲಕ್ಷ ಇರುತ್ತದೆ. ಓದಿಗೆ ಅಂತ ಅದರಲ್ಲಿ ತೆಗೆಯಲು ಬಿಡುವುದು ಹೆಚ್ಚೆಂದರೆ ಅರ್ಧ, ಅದೂ ಕಾಲೇಜು ಕೇಳಿದ ಫೀಸಿನಷ್ಟೇ. ಏನೂ ತೆಗೆಯದೆ ಬಿಟ್ಟರೆ 24ಕ್ಕೆ ಸುಮಾರು 27.7 ಲಕ್ಷ. ಇದಕ್ಕೆ ತೆರಿಗೆ ಇಲ್ಲ.

ಆದರೆ ಈ 8.2 ಕಲ್ಲಲ್ಲಿ ಕೊರೆದದ್ದಲ್ಲ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದೆ. ಬದಲಾದರೆ ಹಳೇ ಖಾತೆಗೂ ಹೊಸ ದರವೇ. 2020ರ ಏಪ್ರಿಲ್‌ನಿಂದ ಮೂರು ವರ್ಷ ಅದು ಶೇ. 7.6 ಇತ್ತು. ಪೂರ್ತಿ ಅವಧಿಗೂ 7.6 ಸಿಕ್ಕಿತು ಅಂದುಕೊಂಡರೆ 24ಕ್ಕೆ ಬರುವುದು 25.5 ಲಕ್ಷ.

ಇನ್ನು ಫಂಡ್. ಇದೇ 5,000 ನಿಫ್ಟಿಯಂಥ ಶೇರು ಸೂಚ್ಯಂಕದ ಜೊತೆಗೇ ಏರಿಳಿಯುವ ಇಂಡೆಕ್ಸ್ ಫಂಡ್‌ಗೆ ಹೋಗಿ, ವರ್ಷಕ್ಕೆ ಸರಾಸರಿ ಶೇ. 11 ಬೆಳೆಯಿತು ಅನ್ನಿ. ಇದು ಸುಮ್ನೆ ಲೆಕ್ಕಕ್ಕೆ ಇಟ್ಟ ಅಂಕಿ, ಯಾರೂ ಗ್ಯಾರಂಟಿ ಕೊಡುವುದಿಲ್ಲ. 18ಕ್ಕೆ ಸುಮಾರು 21.8 ಲಕ್ಷ ಆಗುತ್ತದೆ. 2020ರ ಮಾರ್ಚ್ ವೇಳೆಗೆ ನಿಫ್ಟಿ ಎರಡೇ ತಿಂಗಳಲ್ಲಿ ಶೇ. 38ರಷ್ಟು ಬಿದ್ದಿತ್ತು. ಸೀಟು ಸಿಕ್ಕ ವಾರವೇ ಹಾಗಾದರೆ ಆ 21.8 ಲಕ್ಷ 13.5ಕ್ಕೆ ಇಳಿಯುತ್ತದೆ. ಹೊಟ್ಟೆ ಉರಿಯುವ ವಿಷಯ, ನಿಜ. ಆದರೂ ಅಷ್ಟನ್ನೂ ತೆಗೆಯಬಹುದು. ಸುಕನ್ಯಾದಲ್ಲಿ 17 ಲಕ್ಷ ಇದ್ದರೂ ಆ ದಿನ ಕೈಗೆ ಸಿಗುವುದು 8.5ರ ಆಸುಪಾಸು. ಫಂಡ್ ಮಾರಿದಾಗ ವರ್ಷದ ಲಾಭ 1.25 ಲಕ್ಷ ದಾಟಿದ ಭಾಗಕ್ಕೆ ಶೇ. 12.5 ತೆರಿಗೆ ಇದೆ, ನೆನಪಿರಲಿ.

ಹಾಗಾಗಿ ನಾನಾದರೆ ಎರಡಕ್ಕೂ 2,500 ಹಾಕುತ್ತೇನೆ. ಫಂಡಿನದ್ದು ಕಾಲೇಜಿಗೆ, ಸುಕನ್ಯಾದ್ದು 24ರ ನಂತರಕ್ಕೆ. ಮಗಳಿಗೆ 15 ಆದಾಗಿನಿಂದ ಫಂಡಿನ ದುಡ್ಡನ್ನು ವರ್ಷಕ್ಕೆ ಮೂರನೇ ಒಂದು ಭಾಗದಂತೆ ಬ್ಯಾಂಕ್ ಎಫ್‌ಡಿಗೆ ಸರಿಸಿ. ಮಾರುಕಟ್ಟೆ ಏರುತ್ತಿದೆ ಅಂತ ಕಾಯುತ್ತಾ ಕೂತವರೇ ಸಿಕ್ಕಿಬೀಳುವುದು.

ಸುಕನ್ಯಾಗೆ ತಿಂಗಳ 5ರೊಳಗೆ ಕಟ್ಟಿ. ತಡವಾದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಇಲ್ಲ. ಫಂಡನ್ನು ಮಗಳ ಹೆಸರಲ್ಲಿ ತೆರೆದರೆ ಅವಳಿಗೆ 18 ಆದ ಕೂಡಲೇ ವ್ಯವಹಾರ ನಿಲ್ಲುತ್ತದೆ. ಅವಳ ಪ್ಯಾನ್, ಕೆವೈಸಿ ಕೊಟ್ಟ ಮೇಲೇ ಮತ್ತೆ ಶುರು. ಫೀಸು ಕಟ್ಟುವ ಗಡಿಬಿಡಿಯಲ್ಲಿ ಆ ಓಡಾಟ ಬೇಡ, ನಿಮ್ಮ ಹೆಸರಲ್ಲೇ ಇಟ್ಟುಕೊಳ್ಳಿ.