ಹಗೇವಿನ ಕನಸು ಕಂಡವರು ನೆಲ ಅಗೆಯಬೇಡಿ

ಕನಸಿನಲ್ಲಿ ಹಳೆಯ ಮನೆ ಕಂಡು, ಅದರೊಳಗೆ ಹಿಂದೆಂದೂ ನೋಡದ ಕೋಣೆಯೊಂದು ತೆರೆದುಕೊಂಡರೆ, ನಮ್ಮ ಕಡೆ ಮೊದಲು ಏಳುವ ಮಾತು ನಿಧಿಯದು. ಆನೆಗೊಂದಿ, ಕುಮ್ಮಟದುರ್ಗ, ಬಳ್ಳಾರಿ ಕೋಟೆ, ರಾಯಚೂರು ಕೋಟೆ ಎಲ್ಲವೂ ಸುತ್ತಲೇ ಇರುವಾಗ ಆ ಆಸೆ ಹುಟ್ಟುವುದು ಸಹಜ. ಆದರೆ ಈ ಆಸೆಗಾಗಿ ಕೆಡವಿದ ಗೋಡೆಗಳು, ಅಗೆದು ಹಾಳು ಮಾಡಿದ ಗುಡಿಗಳು, ಪೂಜೆಯ ಹೆಸರಿನಲ್ಲಿ ಕಳೆದುಕೊಂಡ ಹಣ ನೆನೆದರೆ ನನಗೆ ಸಿಟ್ಟು ಬರುತ್ತದೆ. ನೆಲದಲ್ಲಿ ನಿಜವಾಗಿ ಏನಾದರೂ ಸಿಕ್ಕರೂ ನಿಧಿ ಕಾಯ್ದೆಯ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕನಸು ಕಂಡವನಿಗೆ ಅದು ಬಂತು ಎಂಬ ಕಾರಣಕ್ಕೆ ಯಾವ ಹಕ್ಕೂ ಹುಟ್ಟುವುದಿಲ್ಲ.

ನಿಧಿಯನ್ನು ಬದಿಗಿಟ್ಟರೆ ಎರಡನೆಯ ಓದು ಒಂದಿದೆ. ಅದರ ಪ್ರಕಾರ ಮನೆ ಎಂದರೆ ಕನಸು ಕಂಡ ವ್ಯಕ್ತಿಯೇ. ಗುಪ್ತ ಕೋಣೆ ಎಂದರೆ ಅವರಿಗೇ ಗೊತ್ತಿಲ್ಲದ ಅವರ ಭಾಗ. ಈ ಓದು ಹೆಚ್ಚು ಘನವಾದದ್ದು. ಆದರೂ ಇದನ್ನು ಎಲ್ಲಿಯವರೆಗೆ ನಂಬಬೇಕು ಎಂಬುದಕ್ಕೆ ಅಳತೆ ಬೇಕು. ಆ ಅಳತೆ ಹುಡುಕಲು ಈ ಓದಿನ ಅತ್ಯಂತ ಪ್ರಸಿದ್ಧ ಕನಸಿಗೇ ಹೋಗೋಣ.

1909ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್, ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಜೊತೆಗೆ ಜರ್ಮನಿಯ ಬ್ರೆಮೆನ್‌ನಿಂದ ಅಮೆರಿಕಕ್ಕೆ ಹಡಗು ಹತ್ತಿದರು. ಇಬ್ಬರಿಗೂ ಕ್ಲಾರ್ಕ್ ವಿಶ್ವವಿದ್ಯಾಲಯದಿಂದ ಉಪನ್ಯಾಸದ ಆಹ್ವಾನವಿತ್ತು. ಆ ಪ್ರಯಾಣದ ದಿನಗಳಲ್ಲಿ ಒಬ್ಬರ ಕನಸನ್ನು ಇನ್ನೊಬ್ಬರು ಬಿಡಿಸುತ್ತಿದ್ದರು. ಯೂಂಗ್ ಹೇಳಿದ ಕನಸು ಹೀಗಿತ್ತು. ಅವರು ಎರಡು ಅಂತಸ್ತಿನ ಮನೆಯೊಂದರ ಮೇಲಿನ ಕೋಣೆಯಲ್ಲಿದ್ದಾರೆ. ಅಲ್ಲಿ ಹದಿನೆಂಟನೆಯ ಶತಮಾನದ ಶೈಲಿಯ ಬೆಲೆಬಾಳುವ ಪೀಠೋಪಕರಣಗಳಿವೆ. ಅದು ತಮ್ಮದೇ ಮನೆ ಎಂದು ಗೊತ್ತು, ಆದರೆ ಕೆಳಗೇನಿದೆಯೋ ಗೊತ್ತಿಲ್ಲ. ಕೆಳಗಿಳಿದರೆ ಎಲ್ಲವೂ ಇನ್ನಷ್ಟು ಹಳೆಯದು, ಕತ್ತಲೆ, ಕೆಂಪು ಇಟ್ಟಿಗೆಯ ನೆಲ. ಭಾರವಾದ ಬಾಗಿಲೊಂದನ್ನು ತೆರೆದು ಕಲ್ಲಿನ ಮೆಟ್ಟಿಲಿಳಿದರೆ ಕಮಾನಿನ ನೆಲಮಾಳಿಗೆ. ಗೋಡೆಗಳು ರೋಮನ್ನರ ಕಾಲದವು. ಅಲ್ಲಿಯ ನೆಲದ ಚಪ್ಪಡಿಯೊಂದಕ್ಕೆ ಉಂಗುರವಿದೆ. ಅದನ್ನು ಎತ್ತಿದಾಗ ಇನ್ನೂ ಕೆಳಕ್ಕೆ ಮೆಟ್ಟಿಲು, ಕೊನೆಗೆ ಬಂಡೆ ಕೊರೆದ ಗುಹೆ. ಗುಹೆಯಲ್ಲಿ ದೂಳು, ಮೂಳೆಗಳು, ಒಡೆದ ಮಡಕೆ ಚೂರುಗಳು, ಅರ್ಧ ಶಿಥಿಲವಾದ ಎರಡು ತಲೆಬುರುಡೆಗಳು.

ಫ್ರಾಯ್ಡ್ ಆ ಎರಡು ಬುರುಡೆಗಳನ್ನೇ ಹಿಡಿದುಕೊಂಡರು. ಅವು ಯಾರವು, ಯಾರ ಸಾವನ್ನು ನೀವು ಬಯಸಿದ್ದೀರಿ ಎಂಬ ದಿಕ್ಕಿನಲ್ಲಿ ಅವರ ಪ್ರಶ್ನೆಗಳು ಹೋದವು. ಯೂಂಗ್‌ಗೆ ಹಾಗೆ ಅನ್ನಿಸಿರಲಿಲ್ಲ. ಹಿರಿಯರೊಂದಿಗೆ ವಾದ ಬೇಡವೆಂದು 'ನನ್ನ ಹೆಂಡತಿ ಮತ್ತು ನಾದಿನಿ' ಎಂದು ಸುಳ್ಳು ಹೇಳಿದರು. ಫ್ರಾಯ್ಡ್‌ಗೆ ಸಮಾಧಾನವಾಯಿತು. ಇದನ್ನು ಯೂಂಗ್ ತಮ್ಮ ಆತ್ಮಕಥನದಲ್ಲಿ ತಾವೇ ಒಪ್ಪಿಕೊಂಡಿದ್ದಾರೆ. ಅವರ ಸ್ವಂತ ಓದು ಬೇರೆಯಾಗಿತ್ತು: ಮೇಲಿನ ಕೋಣೆ ಎಚ್ಚರದ ಮನಸ್ಸು, ಕೆಳಗಿನ ಅಂತಸ್ತು ವೈಯಕ್ತಿಕ ಅಪ್ರಜ್ಞೆ, ಅಂದರೆ ಅರಿವಿಗೆ ಬಾರದ ಸ್ವಂತ ಮನಸ್ಸು, ಅದಕ್ಕೂ ಕೆಳಗಿನ ಗುಹೆ ಇಡೀ ಮನುಕುಲಕ್ಕೆ ಸೇರಿದ ಆದಿಮ ಮನಸ್ಸು. ಸಾಮೂಹಿಕ ಅಪ್ರಜ್ಞೆ ಎಂಬ ಅವರ ಸಿದ್ಧಾಂತಕ್ಕೆ ಈ ಕನಸೇ ಮೊದಲ ಸುಳಿವು ಎಂದು ಅವರು ಬರೆದರು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಸುಳ್ಳು ಉತ್ತರವೂ ಫ್ರಾಯ್ಡ್‌ರ ಓದಿಗೆ ಸಲೀಸಾಗಿ ಹೊಂದಿಕೊಂಡಿತು. ಸುಳ್ಳನ್ನೂ ನಿಜವನ್ನೂ ಸಮನಾಗಿ ಜೀರ್ಣಿಸಿಕೊಳ್ಳುವ ಓದು ಪುರಾವೆಯಾಗಲಾರದು. ಇನ್ನೊಂದು ಯೂಂಗ್‌ರ ಓದಿಗೇ ಸಂಬಂಧಿಸಿದ್ದು. ಅವರು ಬೆಳೆದದ್ದು ಬಾಸೆಲ್ ಊರಿನ ಮಗ್ಗುಲಲ್ಲಿ. ಅಲ್ಲಿಗೆ ಹತ್ತಿರದಲ್ಲೇ ಆಗ್‌ಸ್ಟ್ ಎಂಬ ರೋಮನ್ ಪಟ್ಟಣದ ಅವಶೇಷಗಳಿವೆ. ಚಿಕ್ಕಂದಿನಲ್ಲಿ ಅವರಿಗೆ ಪುರಾತತ್ತ್ವಜ್ಞನಾಗುವ ಆಸೆಯಿತ್ತು. 1927ರ ಒಂದು ಪ್ರಬಂಧದಲ್ಲಿ ಅವರು ಮನಸ್ಸನ್ನು ಇಂಥದೇ ಕಟ್ಟಡಕ್ಕೆ ಹೋಲಿಸಿದರು, ಆದರೆ ಅಲ್ಲಿ ಮೇಲಂತಸ್ತು ಹತ್ತೊಂಬತ್ತನೆಯ ಶತಮಾನದ್ದು, ಗುಹೆಯಲ್ಲಿ ಕಲ್ಲಿನ ಆಯುಧಗಳಿದ್ದವು. ಆತ್ಮಕಥನದ ಮಾತುಗಳು ದಾಖಲಾದದ್ದು ಕನಸಿನ ಸುಮಾರು ಅರ್ಧ ಶತಮಾನದ ನಂತರ. ಕನಸು ಸಿದ್ಧಾಂತವನ್ನು ಕಟ್ಟಿತೋ, ಸಿದ್ಧಾಂತ ಕನಸಿನ ನೆನಪನ್ನು ತಿದ್ದಿತೋ, ಈಗ ಬೇರ್ಪಡಿಸಲಾಗುವುದಿಲ್ಲ.

ಸಂಗನಕಲ್ಲಿನ ಬೂದಿದಿಬ್ಬಗಳನ್ನೂ ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನೂ ನೋಡಿ ಬೆಳೆದವರ ಕನಸಿನಲ್ಲಿ ರೋಮನ್ ಗೋಡೆ ಬರುವುದಿಲ್ಲ. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ನೆಲದಡಿಯ ಗುಪ್ತ ಜಾಗವೆಂದರೆ ಹಗೇವು. ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ಮುಚ್ಚಿದ ಕಾಳು ಉಸಿರಾಡಿ ಆಮ್ಲಜನಕ ತೀರಿಸಿ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತದೆ; ಹುಳ ಸಾಯುತ್ತದೆ, ಆತುರಪಟ್ಟು ಇಳಿದ ಮನುಷ್ಯನೂ ಸಾಯಬಹುದು. ಅದಕ್ಕೇ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದವರು ಕನಸಿನಲ್ಲಿ ಚಪ್ಪಡಿ ಎತ್ತಿ ಉಸಿರುಗಟ್ಟಿದರೆ, ಆದಿಮಾನವನ ಗುಹೆಗಿಂತ ಮೊದಲು ಹಗೇವನ್ನು ವಿಚಾರಿಸಬೇಕು. ಅವರಿಗೆ ಅದು ಬರಗಾಲದ ನೆನಪೂ ಆಗಿರಬಹುದು, ಅಜ್ಜಿಯ ಎಚ್ಚರಿಕೆಯೂ ಆಗಿರಬಹುದು.

ಇನ್ನು ಕನಸಿನಲ್ಲಿ ಇಲ್ಲದ ಕೋಣೆ ಹುಟ್ಟುವುದಾದರೂ ಏಕೆ? ಇದು ನನಗೆ ಅತ್ಯಂತ ಪ್ರಿಯವಾದ ಭಾಗ. ಮಿದುಳಿನ ಎರಡೂ ಬದಿಗಳಲ್ಲಿ, ಕಿವಿಯ ಒಳಮಗ್ಗುಲಿನಲ್ಲಿ, ಹಿಪ್ಪೊಕ್ಯಾಂಪಸ್ ಎಂಬ ಬಾಗಿದ ಭಾಗವಿದೆ. ಅಲ್ಲಿನ ಕೆಲವು ಜೀವಕೋಶಗಳು ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುತ್ತವೆ ಎಂದು ಜಾನ್ ಓಕೀಫ್ 1971ರಲ್ಲಿ ತೋರಿಸಿದರು. ಮೂಲೆಗೆ ಒಂದು ಗುಂಪು, ಬಾಗಿಲಿಗೆ ಇನ್ನೊಂದು ಗುಂಪು. ಇದೇ ಸರಣಿಯ ಕೆಲಸಕ್ಕೆ 2014ರಲ್ಲಿ ನೊಬೆಲ್ ಬಂತು. 2001ರಲ್ಲಿ ಕೆನ್‌ವೇ ಲೂಯಿ ಮತ್ತು ಮ್ಯಾಥ್ಯೂ ವಿಲ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಗಲು ದಾರಿಯೊಂದರಲ್ಲಿ ಓಡಿದ ಇಲಿ ಕಣ್ಣುಗುಡ್ಡೆ ಚಲಿಸುವ, ಕನಸುಗಳು ಹೆಚ್ಚಾಗಿ ಬೀಳುವ ನಿದ್ರೆಯಲ್ಲಿದ್ದಾಗ, ಅದೇ ಕೋಶಗಳು ಅದೇ ಕ್ರಮದಲ್ಲಿ, ಹೆಚ್ಚುಕಡಿಮೆ ಓಟದ ವೇಗದಲ್ಲೇ ಮತ್ತೆ ಮಿಡಿದವು. ಮನುಷ್ಯರಲ್ಲಿ ಈ ಭಾಗಕ್ಕೆ ಏಟು ಬಿದ್ದರೆ ಹಳೆಯದನ್ನು ನೆನೆಯುವುದು ಮಾತ್ರವಲ್ಲ, ಹೊಸ ದೃಶ್ಯವನ್ನು ಕಲ್ಪಿಸುವುದೂ ಕಷ್ಟವಾಗುತ್ತದೆ ಎಂದು 2007ರಲ್ಲಿ ಲಂಡನ್ನಿನ ಸಂಶೋಧಕರು ಕಂಡರು. 'ಸಮುದ್ರದ ದಂಡೆಯಲ್ಲಿ ಮಲಗಿದ್ದೀರಿ, ಏನು ಕಾಣುತ್ತದೆ' ಎಂದು ಕೇಳಿದರೆ ಆ ರೋಗಿಗಳಲ್ಲಿ ಹೆಚ್ಚಿನವರು ಚೂರುಪಾರು ಹೇಳುತ್ತಿದ್ದರೇ ಹೊರತು ಒಂದು ಜಾಗವನ್ನು ಕಟ್ಟಿಕೊಡಲಾಗುತ್ತಿರಲಿಲ್ಲ. ಅಂದರೆ ಇದು ನೆನಪಿನ ಪೆಟ್ಟಿಗೆಯಷ್ಟೇ ಅಲ್ಲ, ಜಾಗ ಕಟ್ಟುವ ಯಂತ್ರ.

ಎಚ್ಚರದಲ್ಲಿ ಈ ಯಂತ್ರ ಮುಂದಿನ ಕೋಣೆ ಹೀಗಿರಬೇಕು ಎಂದು ಊಹಿಸುತ್ತದೆ, ಕಣ್ಣು ಅದನ್ನು ತಿದ್ದುತ್ತದೆ. ನಿದ್ರೆಯಲ್ಲಿ ತಿದ್ದಲು ಕಣ್ಣಿಲ್ಲ. ಅಸಂಬದ್ಧವನ್ನು ತಡೆದು ಪ್ರಶ್ನಿಸುವ ಹಣೆಯ ಹಿಂದಿನ ಭಾಗಗಳ ಚಟುವಟಿಕೆಯೂ ಆಗ ತಗ್ಗಿರುತ್ತದೆ. ಬಯಲಾಟದ ರಂಗದಲ್ಲಿ ಪಾತ್ರಧಾರಿ ನಡೆದು ಬಂದನೆಂದರೆ ಮುಂದಿನ ದೃಶ್ಯವನ್ನು ತಕ್ಷಣ ಒದಗಿಸಲೇಬೇಕಾದಂತೆ, ಕನಸಿನಲ್ಲಿ ಕೈ ಬಾಗಿಲು ಮುಟ್ಟಿತೆಂದರೆ ಅದರಾಚೆಗೆ ಏನನ್ನಾದರೂ ಇಡಲೇಬೇಕು. ಹಾಗಾಗಿ ನನ್ನ ಎಣಿಕೆಯಲ್ಲಿ, ಗುಪ್ತ ಕೋಣೆ ಇದೆ ಎಂಬಷ್ಟಕ್ಕೇ ಯಾವ ಅರ್ಥವೂ ಇಲ್ಲ. ಅದು ಮಿದುಳಿನ ಕೆಲಸದ ರೀತಿ. ಆ ಕೋಣೆಯೊಳಗೆ ಏನನ್ನು ಇಡಲಾಯಿತು ಎಂಬುದರಲ್ಲಿ ಮಾತ್ರ ಕನಸು ಕಂಡವರ ಬದುಕು ಇಣುಕಬಹುದು. ಬೆಳಗಿನ ಜಾವದ ಕನಸಿಗೆ ನಾವು ಕೊಡುವ ವಿಶೇಷ ಬೆಲೆಗೂ ಇಂಥದೇ ಸರಳ ಕಾರಣವಿದೆ. ಕಣ್ಣುಗುಡ್ಡೆ ಚಲಿಸುವ ಆ ನಿದ್ರೆ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಮರಳುತ್ತದೆ, ಬೆಳಗಾಗುತ್ತ ಉದ್ದವಾಗುತ್ತದೆ, ನಾವು ಅದರ ನಡುವಿನಿಂದಲೇ ಎದ್ದು ಬರುತ್ತೇವೆ. ಅದಕ್ಕೇ ಆ ಕನಸು ನೆನಪಿರುತ್ತದೆ.

ಕುಕನೂರು ಕಡೆಯ ನನ್ನ ಸೋದರತ್ತೆಗೆ ಇಂಥ ಕನಸು ಬಿತ್ತು. ತವರುಮನೆಯ ಅಡುಗೆ ಕೋಣೆಯ ಹಿಂದೆ ಸಣ್ಣ ಬಾಗಿಲು. ಒಳಗೆ ಉದ್ದನೆಯ ಕೋಣೆ, ಎತ್ತರದ ಕಿಟಕಿಗಳು, ಅರ್ಧ ಗೋಡೆಗೆ ಹಸಿರು ಬಣ್ಣ, ಯಾರೋ ಆಗಷ್ಟೇ ಗುಡಿಸಿದ ನೆಲ, ಮೂಲೆಯಲ್ಲಿ ಕಟ್ಟಿದ ಎಮ್ಮೆಕರು. ತವರಿನವರಲ್ಲಿ ಒಬ್ಬರು ಆಗಲೇ ಅಂಜನ ಹಾಕುವವನನ್ನು ಕರೆಸುವ ಮಾತಾಡಿದ್ದರು. ನಾನು ಅರ್ಥ ಹೇಳಲು ಹೋಗಲಿಲ್ಲ. ಕನಸನ್ನು ಮೊದಲು ಬರೆದಿಡಿ ಎಂದೆ, ಏಕೆಂದರೆ ಪ್ರತಿ ಬಾರಿ ಹೇಳುವಾಗಲೂ ಕೇಳುವವರ ಮುಖ ನೋಡಿ ಕನಸು ಬದಲಾಗುತ್ತದೆ. ಆಮೇಲೆ ಒಂದೊಂದು ವಸ್ತುವನ್ನೇ ಹಿಡಿದು ಕೇಳಿದೆ.

"ಅತ್ತೆ, ಆ ಕೋಣೆಯಲ್ಲಿ ನಿಂತಾಗ ಭಯವಾಯಿತೇ?"

"ಇಲ್ಲಪ್ಪ. ತಡವಾಗಿ ಬಂದೆನಲ್ಲ ಎಂದು ಸಂಕಟವಾಯಿತು."

"ಅಂಥ ಹಸಿರು ಗೋಡೆಯನ್ನು ಎಚ್ಚರದಲ್ಲಿ ಎಲ್ಲಾದರೂ ಕಂಡಿದ್ದಿರಾ?"

ಬಹಳ ಹೊತ್ತು ಯೋಚಿಸಿ, ಮದುವೆಗೆ ಮುಂಚೆ ಶಿಕ್ಷಕಿ ತರಬೇತಿಯ ಸಂದರ್ಶನಕ್ಕೆಂದು ಅಪ್ಪನ ಜೊತೆ ರಾಯಚೂರಿಗೆ ಹೋಗಿದ್ದನ್ನು ಹೇಳಿದರು. ಸೀಟು ಸಿಕ್ಕಿತ್ತು, ಮದುವೆ ಗೊತ್ತಾದ್ದರಿಂದ ಸೇರಲಿಲ್ಲ. ಕನಸು ಬಿದ್ದ ವಾರ ಮೊಮ್ಮಗಳ ಬಿ.ಇಡಿ. ಅರ್ಜಿಗೆ ಇವರೇ ದಾಖಲೆಗಳನ್ನು ಜೋಡಿಸಿಕೊಟ್ಟಿದ್ದರು.

ಇಷ್ಟು ಸಿಕ್ಕ ಕೂಡಲೇ 'ಕೋಣೆ ಎಂದರೆ ನೀವು ಬದುಕದ ಬದುಕು' ಎಂದು ತೀರ್ಪು ಕೊಡುವ ಆಸೆ ಬಲವಾಗುತ್ತದೆ. ಆಗ ಒಂದು ಪರೀಕ್ಷೆ ಮಾಡಬೇಕು: ಅದೇ ತೀರ್ಪನ್ನು ಬೇರೆಯವರ ಕನಸಿಗೆ ಹಚ್ಚಿ ನೋಡುವುದು. ಬದುಕದ ಬದುಕು ಯಾರಿಗಿಲ್ಲ? ಆ ವಾಕ್ಯ ನನಗೂ ಒಪ್ಪುತ್ತದೆ, ನಿಮಗೂ ಒಪ್ಪುತ್ತದೆ. ಆದ್ದರಿಂದ ಅದಕ್ಕೆ ತೂಕವಿಲ್ಲ. ಹಸಿರು ಬಣ್ಣದ ಅರ್ಧ ಗೋಡೆ, ತಡವಾದ ಸಂಕಟ, ಆ ವಾರದ ಅರ್ಜಿ, ಈ ಮೂರೂ ಒಟ್ಟಿಗೆ ಅತ್ತೆಗೆ ಮಾತ್ರ ಒಪ್ಪುತ್ತವೆ, ತೂಕವಿರುವುದು ಅಲ್ಲಿ. ಕ್ಯಾಲ್ವಿನ್ ಹಾಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಸಾವಿರಾರು ಕನಸುಗಳನ್ನು ಸಂಗ್ರಹಿಸಿ, ಅವುಗಳಲ್ಲಿನ ಜನ, ಜಾಗ, ಭಾವಗಳನ್ನು ಎಣಿಸುವ ಪದ್ಧತಿಯನ್ನು 1966ರಲ್ಲಿ ರಾಬರ್ಟ್ ವ್ಯಾನ್ ಡಿ ಕ್ಯಾಸಲ್ ಜೊತೆ ಪ್ರಕಟಿಸಿದರು. ಕನಸುಗಳು ಬಹುಮಟ್ಟಿಗೆ ಎಚ್ಚರದ ಚಿಂತೆಗಳ ಮುಂದುವರಿಕೆ ಎಂಬುದು ಅವರ ನಿಲುವು. ಆದರೆ ಅವರು ಭರವಸೆಯಿಟ್ಟದ್ದು ಒಂದು ಕನಸಿನ ಮೇಲಲ್ಲ, ಒಬ್ಬರದೇ ಕನಸುಗಳ ದೀರ್ಘ ಸಾಲಿನ ಮೇಲೆ. ಅತ್ತೆಯ ಬಳಿ ಇರುವುದು ಒಂದೇ ಕನಸು. ಎಮ್ಮೆಕರುವಿಗಂತೂ ಯಾವ ಮೂಲವೂ ಸಿಗಲಿಲ್ಲ, ನಾನು ಹುಟ್ಟಿಸಿ ಹೇಳಲೂ ಇಲ್ಲ.

ಗುಪ್ತ ಕೋಣೆ ಭವಿಷ್ಯ ನುಡಿಯುತ್ತದೆ ಎನ್ನುವವರು ಯೂಂಗ್‌ರ ಇನ್ನೊಂದು ಕನಸನ್ನು ಉದಾಹರಿಸುವುದುಂಟು. ತಮ್ಮ ಮನೆಗೆ ಅಂಟಿಕೊಂಡ ಅಪರಿಚಿತ ಭಾಗವೊಂದು ಅವರಿಗೆ ಪದೇ ಪದೇ ಕನಸಿನಲ್ಲಿ ಕಾಣುತ್ತಿತ್ತು. ಕೊನೆಗೊಮ್ಮೆ ಅದರೊಳಗೆ ಹೋದಾಗ ಹದಿನಾರು, ಹದಿನೇಳನೆಯ ಶತಮಾನದ ಪುಸ್ತಕಗಳ ಭಂಡಾರ, ಪುಟಗಳಲ್ಲಿ ವಿಚಿತ್ರ ಸಂಕೇತಗಳು. ಎಷ್ಟೋ ಕಾಲದ ಮೇಲೆ ಅವರು ರಸವಿದ್ಯೆಯ ಹಳೆಯ ಗ್ರಂಥಗಳನ್ನು ಸಂಗ್ರಹಿಸತೊಡಗಿದರು. ಕನಸು ಮುಂಚೆಯೇ ತಿಳಿಸಿತ್ತು ಎಂದು ಭಾವಿಸಿದರು. ಆದರೆ ಅದೇ ಆತ್ಮಕಥನದಲ್ಲಿ ಇನ್ನೊಂದು ಮಾತಿದೆ. ರಸವಿದ್ಯೆ ಮತ್ತು ಮನಸ್ಸಿನ ಸಂಬಂಧದ ಬಗ್ಗೆ ಹರ್ಬರ್ಟ್ ಸಿಲ್ಬೆರರ್ 1914ರಲ್ಲೇ ಪುಸ್ತಕ ಬರೆದಿದ್ದರು. ಯೂಂಗ್‌ಗೆ ಅದು ಗೊತ್ತಿತ್ತು, ಆಗ ಅದನ್ನು ಅಡ್ಡದಾರಿಯ ವಿಷಯವೆಂದು ಬದಿಗೆ ಸರಿಸಿದ್ದರು, ಆಮೇಲೆ ಪೂರ್ತಿ ಮರೆತಿದ್ದರು. ಅಪರಿಚಿತವೆನಿಸಿದ ಕೋಣೆಗೆ ಸಾಮಾನು ಹಿಂದಿನ ಓದಿನಿಂದಲೇ ಬಂದಿರಬಹುದು, ಅತ್ತೆಯ ಕೋಣೆಗೆ ಹಸಿರು ಬಣ್ಣ ರಾಯಚೂರಿನಿಂದ ಬಂದಿರಬಹುದಾದ ಹಾಗೆಯೇ. ಆದ್ದರಿಂದ ಇಂಥ ಕನಸು ಹೇಳಿಕೊಂಡು ಬಂದವರನ್ನು ನಾನು ಈಗ ಮೊದಲು ಕೇಳುವುದು, ಒಳಗಿದ್ದುದರಲ್ಲಿ ಯಾವುದನ್ನು ಹಿಂದೊಮ್ಮೆ ಕಂಡಿದ್ದಿರಿ ಎಂದು.