ಗಡುವೇ ಮುಗಿಯದ ಬಿಲ್ಲಿಗೂ ನಷ್ಟ ಬರೆಯಬೇಕಾ?

ಓದುಗರ ಪ್ರಶ್ನೆ: ನಮ್ಮ ಕಂಪನಿಯ ಲೆಕ್ಕ ಈ ವರ್ಷ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮಗಳಾದ ಐಎಫ್‌ಆರ್‌ಎಸ್‌ಗೆ ಬದಲಾಗಿದೆ. ಗ್ರಾಹಕರಿಂದ ಬರಬೇಕಾದ ಬಾಕಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಗಡುವು ಮುಗಿಯದ ಬಿಲ್ಲುಗಳು. ಅವುಗಳ ಮೇಲೂ ಪ್ರಾವಿಷನ್ ಮಾಡಿ, ಅಂದರೆ ಬರದೇ ಹೋಗಬಹುದಾದ ಹಣಕ್ಕೆ ಈಗಲೇ ನಷ್ಟ ಬರೆದಿಡಿ ಅಂತ ಆಡಿಟರ್ ಹೇಳುತ್ತಿದ್ದಾರೆ. ಯಾರೂ ಕೈಕೊಟ್ಟಿಲ್ಲ. ಆಗದ ನಷ್ಟವನ್ನು ಬರೆಯುವುದು ಹೇಗೆ ಸರಿ?

ಉತ್ತರ: ನಿಮ್ಮ ಅನುಮಾನ ಹಳೆಯ ನಿಯಮದ ಪ್ರಕಾರ ಪೂರ್ತಿ ಸರಿ. ಐಎಎಸ್ 39 ಹೇಳುತ್ತಿದ್ದದ್ದು ಅದನ್ನೇ. ನಷ್ಟ ಬರೆಯಬೇಕಾದರೆ ಏನೋ ಒಂದು ಆಗಿರಬೇಕು, ಅದಕ್ಕೆ ಪುರಾವೆ ಇರಬೇಕು. ಗ್ರಾಹಕ ದಿವಾಳಿ ಅರ್ಜಿ ಹಾಕಿರಬೇಕು, ಅಥವಾ ಕಂತು ತಪ್ಪಿಸಿರಬೇಕು. ಮುಂದೆ ಆಗಬಹುದಾದ ಘಟನೆಯಿಂದ ಬರುವ ನಷ್ಟವನ್ನು, ಅದು ಎಷ್ಟೇ ಖಚಿತ ಅನ್ನಿಸಿದರೂ, ಬರೆಯುವಂತಿರಲಿಲ್ಲ. ಇದನ್ನೇ ಇನ್ಕರ್ಡ್ ಲಾಸ್, ಅಂದರೆ ಆಗಿಹೋದ ನಷ್ಟದ ಪದ್ಧತಿ ಅನ್ನುತ್ತಾರೆ. 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಇದರ ತೊಂದರೆ ಎದ್ದು ಕಂಡಿತು. ನಷ್ಟ ಲೆಕ್ಕಕ್ಕೆ ಬಂದದ್ದು ತಡವಾಗಿ, ಬಂದದ್ದೂ ಕಡಿಮೆ. ಆಮೇಲೆ ಬಂದ ಐಎಫ್‌ಆರ್‌ಎಸ್ 9, 2018ರ ಜನವರಿ 1ರಿಂದ ಜಾರಿಯಾಯಿತು. ಅದು ಕೇಳುವ ಪ್ರಶ್ನೆಯೇ ಬೇರೆ: ಈ ಬಾಕಿಯಲ್ಲಿ ಕೊನೆಗೆ ಎಷ್ಟು ಬರದೇ ಹೋಗಬಹುದು? ಇದು ಎಕ್ಸ್‌ಪೆಕ್ಟೆಡ್ ಕ್ರೆಡಿಟ್ ಲಾಸ್, ಚಿಕ್ಕದಾಗಿ ಇಸಿಎಲ್.

ಬ್ಯಾಂಕ್ ಸಾಲಕ್ಕೆ ಇದರಲ್ಲಿ ಮೂರು ಹಂತಗಳ ದೊಡ್ಡ ಲೆಕ್ಕವಿದೆ. ಸಾಮಾನ್ಯ ವ್ಯಾಪಾರದ ಬಾಕಿಗೆ ಅದು ಬೇಡ. ಮೊದಲ ದಿನದಿಂದಲೇ ಬಿಲ್ಲಿನ ಪೂರ್ತಿ ಅವಧಿಯ ನಷ್ಟವನ್ನು ಅಂದಾಜು ಮಾಡಿದರೆ ಸಾಕು. ಅದಕ್ಕೆ ಪ್ರಾವಿಷನ್ ಮ್ಯಾಟ್ರಿಕ್ಸ್ ಎಂಬ ಪಟ್ಟಿ ಮಾಡುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಪಟ್ಟಿ ಹುಟ್ಟುವ ರೀತಿಯಲ್ಲೇ ಇದೆ. ಒಂದು ಲೆಕ್ಕ ಮಾಡಿ ನೋಡೋಣ.

ಹಿಂದಿನ ಒಂದು ವರ್ಷದ ಸಾಲದ ಮಾರಾಟ ತೆಗೆದುಕೊಳ್ಳಿ. ಆ ವರ್ಷದ ಪ್ರತಿ ಬಿಲ್ಲಿನ ಕಥೆ ಮುಗಿದಿರುವಷ್ಟು ಹಳೆಯದಾಗಿರಬೇಕು, ಅಂದರೆ ಹಣ ಬಂದಿರಬೇಕು ಇಲ್ಲವೇ ಮುಳುಗಿರಬೇಕು. ಒಟ್ಟು ಮಾರಾಟ 1,000 ಎಂದಿಟ್ಟುಕೊಳ್ಳಿ. ಸಾವಿರವೋ ಲಕ್ಷವೋ, ನಿಮ್ಮ ಹಣದಲ್ಲಿ ಓದಿಕೊಳ್ಳಿ. ಗಡುವಿನೊಳಗೆ 600 ಬಂತು, 400 ಗಡುವು ದಾಟಿತು. 30 ದಿನ ದಾಟಿಯೂ ಉಳಿದದ್ದು 160. 60 ದಿನ ದಾಟಿದ್ದು 80, 90 ದಿನ ದಾಟಿದ್ದು 40. ಕೊನೆಗೆ ಬರಲೇ ಇಲ್ಲ ಅಂತ ರೈಟ್ ಆಫ್ ಮಾಡಿದ್ದು 10.

ಈಗ ಆ 10ರ ಹಿಂದೆ ಹೋಗಿ. ಅದು ಒಂದೇ ಸಲ 90 ದಿನದ ಗುಂಪಿನಲ್ಲಿ ಹುಟ್ಟಲಿಲ್ಲ. ಅದಕ್ಕೆ ಮೊದಲು 80ರೊಳಗಿತ್ತು, ಅದಕ್ಕೂ ಮೊದಲು 160ರೊಳಗೆ, 400ರೊಳಗೆ. ಎಲ್ಲಕ್ಕೂ ಮೊದಲು ಗಡುವು ಮುಗಿಯದ ಒಳ್ಳೆಯ ಬಿಲ್ಲುಗಳ 1,000ದೊಳಗೆ ಸುಮ್ನೆ ಕೂತಿತ್ತು. ಆಗ ಅದನ್ನು ಉಳಿದವುಗಳಿಂದ ಬೇರೆ ಮಾಡಿ ಗುರುತಿಸಲು ಯಾರಿಗೂ ಆಗುತ್ತಿರಲಿಲ್ಲ. ಹಾಗಾಗಿ ಪ್ರತಿ ಗುಂಪಿನ ನಷ್ಟದ ದರ ಸಿಗುವುದು ಅದೇ 10ನ್ನು ಆ ಗುಂಪಿನ ಮೊತ್ತದಿಂದ ಭಾಗಿಸಿದಾಗ. ಇವತ್ತಿನ ಬಾಕಿ ಒಟ್ಟು 480 ಇದ್ದರೆ ಪಟ್ಟಿ ಹೀಗಾಗುತ್ತದೆ:

| ಗಡುವು ಮುಗಿದು | ಹಿಂದೆ ಇಲ್ಲಿಗೆ ಬಂದದ್ದು | ನಷ್ಟದ ದರ | ಇವತ್ತಿನ ಬಾಕಿ | ಪ್ರಾವಿಷನ್ |
|---|---|---|---|---|
| ಇನ್ನೂ ಮುಗಿದಿಲ್ಲ | 1,000 | 1% | 300 | 3 |
| 1–30 ದಿನ | 400 | 2.5% | 120 | 3 |
| 31–60 ದಿನ | 160 | 6.25% | 32 | 2 |
| 61–90 ದಿನ | 80 | 12.5% | 16 | 2 |
| 90 ದಾಟಿದ್ದು | 40 | 25% | 12 | 3 |

ಒಟ್ಟು 13. ಹಳೆಯ ಪದ್ಧತಿಯಲ್ಲಿ ಬಹಳಷ್ಟು ಕಂಪನಿಗಳ ಕಣ್ಣು ಕೊನೆಯ 12ರ ಮೇಲೆ ಮಾತ್ರ ಇರುತ್ತಿತ್ತು. ಅಲ್ಲಿ ಒಂದು 3 ಬರೆದು ಮುಗಿಸುತ್ತಿದ್ದರು. ಉಳಿದ 10ರಲ್ಲಿ 3 ನೀವು ಕೇಳಿದ ಗಡುವು ಮುಗಿಯದ ಬಿಲ್ಲುಗಳದ್ದು. ಯಾವ ಗ್ರಾಹಕ ಅನ್ನುವುದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. 300ರ ಗುಂಪಿನಲ್ಲಿ ಸುಮಾರು 3 ಬರುವುದಿಲ್ಲ ಅಂತ ನಿಮ್ಮದೇ ಲೆಕ್ಕದ ಪುಸ್ತಕ ಹೇಳುತ್ತಿದೆ, ಅಲ್ವಾ?

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಈ ದರಗಳು ಹಿಂದೆ ಆದದ್ದನ್ನು ಹೇಳುತ್ತವೆ. ನಿಯಮ ಮುಂದಿನದನ್ನೂ ಸೇರಿಸಿ ಅನ್ನುತ್ತದೆ. ನಿಮ್ಮ ಗ್ರಾಹಕರ ಉದ್ಯಮ ಬಿದ್ದಿದ್ದ ಒಂದು ವರ್ಷದಲ್ಲಿ 10ರ ಬದಲು 14 ಮುಳುಗಿತ್ತು ಎನ್ನೋಣ. ಮತ್ತೆ ಅಂಥ ವರ್ಷ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಎಂದು ನಿಮಗೆ ಆಧಾರ ಸಮೇತ ಅನ್ನಿಸಿದರೆ, ನಿರೀಕ್ಷೆಯ ನಷ್ಟ 10ರ ಮುಕ್ಕಾಲು, 14ರ ಕಾಲು ಸೇರಿ 11. ಅಂದರೆ 10% ಜಾಸ್ತಿ. 13 ಇದ್ದದ್ದು 14.3 ಆಗುತ್ತದೆ. ಈ ಲೆಕ್ಕ ಸರಳ, ಆದರೆ ಸಾಧ್ಯತೆಯನ್ನು ಯಾವ ಆಧಾರದ ಮೇಲೆ ಹಿಡಿದಿರಿ ಅಂತ ಬರೆದಿಡಿ. ಆಡಿಟರ್ ಮೊದಲು ಕೇಳುವುದು ಅದನ್ನೇ.

ತಪ್ಪು ಹೆಚ್ಚಾಗಿ ನುಸುಳುವುದು ಆ 10 ಎಂಬ ಅಂಕಿಯಲ್ಲಿ. ನಾನು ಒಂದು ಕಂಪನಿಯ ಪಟ್ಟಿ ನೋಡುತ್ತಿದ್ದಾಗ ದರಗಳು ಅನುಮಾನ ಬರುವಷ್ಟು ಮೇಲಿದ್ದವು. ಬಿಲ್ಲು ಬಿಲ್ಲಾಗಿ ಬಿಡಿಸಿ ನೋಡಿದರೆ, ರೈಟ್ ಆಫ್‌ನಲ್ಲಿ ಅರ್ಧದಷ್ಟು ನಿಜವಾಗಿ ಮುಳುಗಿದ ಸಾಲವೇ ಅಲ್ಲ. ಮಾಲು ಸರಿಯಿಲ್ಲ ಅಂತ ಗ್ರಾಹಕರು ಹಿಡಿದ ಹಣ, ಆಮೇಲೆ ಕೊಟ್ಟ ರಿಯಾಯಿತಿ. ಅವು ಮಾರಾಟದಿಂದ ಕಳೆಯಬೇಕಾದ ಮೊತ್ತಗಳು. ಗ್ರಾಹಕನಿಗೆ ಕೊಡುವ ಶಕ್ತಿ ಇಲ್ಲದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಅವನ್ನು ತೆಗೆದ ಮೇಲೆ ದರ ಸುಮಾರು ಅರ್ಧಕ್ಕೆ ಇಳಿಯಿತು.

ಇನ್ನೊಂದು ತಪ್ಪು ಇದರ ಉಲ್ಟಾ. ಆರು ತಿಂಗಳು ದಾಟಿದರೆ 50%, ವರ್ಷ ದಾಟಿದರೆ 100% ಎಂಬ ಹಳೆಯ ಪಟ್ಟಿಗೇ ಇಸಿಎಲ್ ಅಂತ ಹೊಸ ಹೆಸರು ಕೊಡುವುದು. ಇದನ್ನು ಹಿಡಿಯುವುದು ಸುಲಭ. ದರಗಳೆಲ್ಲ ಗುಂಡಗಿನ ಅಂಕಿಗಳು, ಮೊದಲ ಗುಂಪಿಗೆ ಸೊನ್ನೆ, ವರ್ಷ ಬದಲಾದರೂ ದರ ಬದಲಾಗಿಲ್ಲ. ಹೀಗಿದ್ದರೆ ಅದು ಯಾವ ಅನುಭವದಿಂದಲೂ ಬಂದ ಪಟ್ಟಿ ಅಲ್ಲ.

ಸರಾಸರಿ ಕೆಲಸ ಮಾಡದ ಜಾಗವೂ ಇದೆ. ಸಾವಿರ ಸಣ್ಣ ಗ್ರಾಹಕರಿದ್ದರೆ 1% ಅನ್ನುವುದಕ್ಕೆ ಅರ್ಥವಿದೆ. 300ರಲ್ಲಿ 200 ಒಬ್ಬನೇ ದೊಡ್ಡ ಗ್ರಾಹಕನದ್ದಾದರೆ, ಅವನನ್ನು ಪಟ್ಟಿಯಿಂದ ಹೊರಗಿಟ್ಟು ಅವನ ಸ್ಥಿತಿಯನ್ನೇ ನೋಡಿ ಅಂದಾಜು ಮಾಡಬೇಕು. ದಿವಾಳಿಯಾದವನನ್ನೂ ಹಾಗೆಯೇ. ಆದರೆ ಅಂಥವರನ್ನು ಇವತ್ತಿನ ಬಾಕಿಯಿಂದ ತೆಗೆದರೆ ಹಿಂದಿನ ಅಂಕಿಗಳಿಂದಲೂ ಅಂಥವರನ್ನು ತೆಗೆಯಿರಿ. ಇಲ್ಲದಿದ್ದರೆ ಒಂದೇ ನಷ್ಟ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಪ್ರತಿ ವರ್ಷ 13 ಲಾಭದಿಂದ ಹೋಗುತ್ತದಾ ಅಂತ ನೀವು ಕೇಳಬಹುದು. ಇಲ್ಲ. ಬದಲಾಗುವ ಮೊದಲ ಸಲ ಹಳೆಯ ಪ್ರಾವಿಷನ್‌ಗೂ ಹೊಸದಕ್ಕೂ ಇರುವ ಅಂತರ ಆರಂಭದ ಸಂಚಿತ ಲಾಭಕ್ಕೆ ಹೋಗುತ್ತದೆ. ಆಮೇಲೆ ಲಾಭ ನಷ್ಟದ ಲೆಕ್ಕಕ್ಕೆ ಬರುವುದು ಆ ವರ್ಷದ ಬದಲಾವಣೆ ಮಾತ್ರ. ವರ್ಷದ ಆರಂಭದಲ್ಲಿ 11 ಇತ್ತು, ಅದರಲ್ಲಿ 2 ನಿಜವಾಗಿ ಮುಳುಗಿ ರೈಟ್ ಆಫ್ ಆಯಿತು, ಉಳಿದದ್ದು 9. ಈಗ 13 ಬೇಕು. ಹೊಸದಾಗಿ ಬರೆಯುವುದು 4. ಗ್ರಾಹಕನ ಖಾತೆಯನ್ನು ಮುಟ್ಟುವುದಿಲ್ಲ. ಅವನು ಕೊಡಬೇಕಾದ್ದು ಪೂರ್ತಿ ಹಾಗೇ ಇರುತ್ತದೆ, ವಸೂಲಿಯೂ ಎಂದಿನಂತೆ ನಡೆಯುತ್ತದೆ. ಬಾಕಿ ಬೇಗ ಬೇಗ ಬಂದು ಮುಂದಿನ ವರ್ಷ 10 ಸಾಕಾದರೆ, ಹೆಚ್ಚಾಗಿ ಇಟ್ಟದ್ದು ಅದೇ ಸಾಲಿನಲ್ಲಿ ಲಾಭಕ್ಕೆ ವಾಪಸ್ ಬರುತ್ತದೆ.